ಸ್ಯಾಕ್ರಮೆಂಟೋ ನದಿ: ಗಣಿಯ ಆಮ್ಲಜಲ ಮತ್ತು ಮರಳು-ಜಲ್ಲಿಯ ಗಣಿಗಾರಿಕೆ

ಗಣಿಗಾರಿಕೆಯು ನದಿಯನ್ನು ಎರಡು ಬಗೆಯಲ್ಲಿ ಕೆಡಿಸುತ್ತದೆ. ಗಣಿಯ ಆಮ್ಲವು ನೀರಿಗೆ ಬೇಡದ್ದನ್ನು ಸೇರಿಸುತ್ತದೆ. ಮರಳು-ಜಲ್ಲಿಯ ತೆಗೆತವು ನದೀತಳದಿಂದ ಬೇಕಾದುದನ್ನು ಕಸಿದುಕೊಳ್ಳುತ್ತದೆ. ಕ್ಯಾಲಿಫೋರ್ನಿಯದ ರೆಡಿಂಗ್ ಪಟ್ಟಣದ ಬಳಿ ಸ್ಯಾಕ್ರಮೆಂಟೋ ನದಿಯು ಈ ಎರಡನ್ನೂ ಅನುಭವಿಸಿದೆ. ಇವೆರಡರ ಪರಿಹಾರಗಳು ಒಂದೇ ತೆರನಾದುವಲ್ಲವೆಂಬುದು ಅದರ ಇತಿಹಾಸದಿಂದ ವ್ಯಕ್ತವಾಗುತ್ತದೆ.

ರೆಡಿಂಗಿನ ವಾಯವ್ಯಕ್ಕಿರುವ ಐರನ್ ಮೌಂಟನ್ ಬೆಟ್ಟದಲ್ಲಿ 19ನೆಯ ಶತಮಾನದ ಉತ್ತರಾರ್ಧದಿಂದ 1963ರವರೆಗೆ ಗಣಿಗಾರಿಕೆ ನಡೆಯಿತು. ಅಲ್ಲಿಯ ಅದುರಿನಲ್ಲಿ ಕಬ್ಬಿಣ-ಗಂಧಕಗಳ ಸಂಯುಕ್ತವಾದ ಪೈರೈಟ್ ಹೇರಳವಾಗಿದೆ. ಸುರಂಗಗಳ ಮೂಲಕ ಗಾಳಿಯೂ ಮಳೆನೀರೂ ಒಳಹೊಕ್ಕಾಗ ಅದು ಗಂಧಕಾಮ್ಲವಾಗಿ ಮಾರ್ಪಡುತ್ತದೆ. ಸೂಕ್ಷ್ಮಜೀವಿಗಳು ಈ ಕ್ರಿಯೆಯನ್ನು ತ್ವರಿತಗೊಳಿಸುತ್ತವೆ. ಶುದ್ಧಜಲದ ಪಿ.ಎಚ್. ಮಾನವು 7 ಆಗಿದ್ದರೆ, ಈ ಗಣಿಯೊಳಗಿನ ಒಂದು ಮಾದರಿಯಲ್ಲಿ ಅದು ಸೊನ್ನೆಗೂ ಕೆಳಗಿಳಿದು -3.6 ಎಂದು ದಾಖಲಾಗಿದೆ. ಈ ಆಮ್ಲವು ತಾಮ್ರ, ಸತುಗಳನ್ನು ಕರಗಿಸಿಕೊಂಡು ಸ್ಪ್ರಿಂಗ್ ಹಳ್ಳದ ಮೂಲಕ ನದಿಯನ್ನು ಸೇರುತ್ತಿತ್ತು. ಸ್ವಚ್ಛ ನೀರಿನೊಡನೆ ಬೆರೆತಾಗ ಕಬ್ಬಿಣವು ಕಾವಿಬಣ್ಣದ ರಾಡಿಯಾಗಿ ತಳಕ್ಕಿಳಿಯುತ್ತದೆ. ಆದರೆ ತಾಮ್ರವು ಬಹುಮಟ್ಟಿಗೆ ಕಣ್ಣಿಗೆ ಕಾಣದಂತೆ ನೀರಿನಲ್ಲಿಯೇ ಉಳಿದು ಮೀನಿನ ಕಿವಿರುಗಳನ್ನು ಘಾತಿಸುತ್ತದೆ.

ಇದೇ ನದಿಗೆ 1938ರಿಂದ 1945ರವರೆಗೆ ಶಾಸ್ಟಾ ಅಣೆಕಟ್ಟೆಯನ್ನು ಕಟ್ಟಲಾಯಿತು. ಕಾಂಕ್ರೀಟಿಗೆ ಬೇಕಾದ ಮರಳು-ಜಲ್ಲಿಗಳನ್ನು ರೆಡಿಂಗಿನಲ್ಲಿ ನದಿಯ ಪಾತ್ರದಿಂದಲೇ ಅಗೆದು, ಸುಮಾರು 15 ಕಿಲೋಮೀಟರ್ ಉದ್ದದ ಚಲಿಸುವ ಪಟ್ಟಿಯ ಮೇಲೆ ಸಾಗಿಸಿದರು. ಅಗೆದ ತಗ್ಗು ಇಂದು ಕುಟ್ರಾಸ್ ಸರೋವರವಾಗಿದೆ. ಸಾಮಾನ್ಯವಾಗಿ ಇಂಥ ತಗ್ಗನ್ನು ಮೇಲಿನಿಂದ ಬರುವ ಜಲ್ಲಿಯು ಕ್ರಮೇಣ ತುಂಬುತ್ತದೆ. ಇಲ್ಲಿಯಾದರೋ, ಆ ಜಲ್ಲಿಯಿಂದಲೇ ಕಟ್ಟಿದ ಅಣೆಕಟ್ಟೆಯು ಹೊಸ ಜಲ್ಲಿಯ ಬರವನ್ನು ತಡೆಯಿತು. ಹೊರೆಯಿಲ್ಲದ ನೀರು ಉಳಿದ ಸಣ್ಣ ಕಲ್ಲುಗಳನ್ನೂ ಒಯ್ಯಲು, ತಳದಲ್ಲಿ ದಪ್ಪ ಗುಂಡುಗಳು ಮಾತ್ರ ಉಳಿದುವು. ಅದೇ ಕಟ್ಟೆಯು ಚಳಿಗಾಲದ ನೆರೆಯನ್ನು ಹಿಡಿದಿಟ್ಟುದರಿಂದ, ಮಳೆಯೊಡನೆ ಇಳಿದುಬರುವ ಆಮ್ಲವನ್ನು ತೆಳುವಾಗಿಸುವ ನೀರೂ ಕಡಿಮೆಯಾಯಿತು.

ಈ ಎರಡು ಹಾನಿಗಳೂ ಸಾಮನ್ ಮೀನಿನಲ್ಲಿ ಸಂಧಿಸುತ್ತವೆ. ಅದು ಜಲ್ಲಿಯನ್ನು ಕೆದಕಿ ಮೊಟ್ಟೆಯಿಡುತ್ತದೆ. ಕಲ್ಲುಗಳ ಸಂದಿನಲ್ಲಿ ಹರಿಯುವ ನೀರಿನಿಂದ ಮೊಟ್ಟೆಗೆ ಆಮ್ಲಜನಕವು ಒದಗುತ್ತದೆ. ಅದಕ್ಕೆ ನಿರ್ವಿಷವಾದ ನೀರೂ ಸಡಿಲವಾದ ತಳವೂ ಬೇಕು. ಚಳಿಗಾಲದಲ್ಲಿ ಸಮುದ್ರದಿಂದ ಏರಿಬರುವ ಇಲ್ಲಿಯ ಸಾಮನ್ ಕುಲವು 1994ರಲ್ಲಿ ಅಳಿವಿನಂಚಿನದೆಂದು ಘೋಷಿತವಾಯಿತು. ಆದರೆ ಅದರ ಕ್ಷಯಕ್ಕೆ ಇವೆರಡನ್ನೇ ಹೊಣೆಮಾಡುವಂತಿಲ್ಲ. ಮೇಲಿನ ತಂಪು ಹೊಳೆಗಳ ದಾರಿಯನ್ನು ಅಣೆಕಟ್ಟೆಯೇ ಮುಚ್ಚಿತ್ತು.

1994ರಿಂದ ಗಣಿಯ ನೀರನ್ನು ಸುಣ್ಣದಿಂದ ಶಮನಗೊಳಿಸಿ, ಲೋಹಗಳನ್ನು ಕೆಸರಾಗಿ ಬೇರ್ಪಡಿಸಲಾಗುತ್ತಿದೆ. ನದಿಯ ನೀರು ಬಹಳ ಸುಧಾರಿಸಿದೆ. ಆದರೆ ಬೆಟ್ಟದಲ್ಲುಳಿದ ಪೈರೈಟ್ ಸಾವಿರಾರು ವರ್ಷ ಆಮ್ಲವನ್ನು ಸ್ರವಿಸಬಲ್ಲುದಾದ್ದರಿಂದ ಈ ಉಪಚಾರಕ್ಕೆ ಕೊನೆಯಿಲ್ಲ. ಸುಣ್ಣವು ನದೀತಳವನ್ನು ಮರಳಿ ಕೊಡಲಾರದು. ಅದಕ್ಕಾಗಿ 1992ರ ಕಾಯಿದೆಗೆ ಅನುಸಾರವಾಗಿ ಜಲ್ಲಿಯನ್ನು ಲಾರಿಗಳಲ್ಲಿ ತಂದು ನದಿಗೆ ಸುರಿಯುತ್ತ ಬಂದಿದ್ದಾರೆ. ನೆರೆಯು ಅದನ್ನು ಕೆಳಗೊಯ್ದಂತೆಲ್ಲ ಪುನಃ ಸುರಿಯಬೇಕು. ಆದುದರಿಂದ ನದಿಯ ಹಾನಿಯನ್ನು ಅಳೆಯುವಾಗ ನೀರಿನ ಪರೀಕ್ಷೆಯೊಂದೇ ಸಾಲದು. ತಳದ ಲೆಕ್ಕವನ್ನೂ ಇಡಬೇಕಾಗುತ್ತದೆ.