ಟೆನೆಂಟ್ ಅಡ್ಮಿನ್, ಸೂಪರ್ ಅಡ್ಮಿನ್

'ಹಿಡಿದುಕೊಳ್ಳು' ಎಂಬರ್ಥದ ಲ್ಯಾಟಿನ್ ಧಾತು ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದು 'ಟೆನೆಂಟ್' ಆಯಿತು: ಗೇಣಿದಾರ, ಬಾಡಿಗೆದಾರ. ಹಲವು ಶಾಲೆಗಳು ಒಂದೇ ಶುಲ್ಕ ತಂತ್ರಾಂಶ ಬಳಸಿದರೆ ಪ್ರತಿ ಶಾಲೆಯೂ ಒಂದು ಟೆನೆಂಟ್. ಶಾಲೆಯ ಅಡ್ಮಿನ್ ತನ್ನ ಗುಮಾಸ್ತರನ್ನು ಸೇರಿಸಬಹುದು, ತೆಗೆಯಬಹುದು. ಹೊಸ ಶಾಲೆಗೆ ಖಾತೆ ತೆರೆಯುವುದು, ತಡೆಹಿಡಿಯುವುದು ಸೂಪರ್ ಅಡ್ಮಿನ್ ಕೆಲಸ. ಇಬ್ಬರನ್ನೂ ಒಂದೇ ಕೋಷ್ಟಕದಲ್ಲಿಟ್ಟು `role` ಕಾಲಮ್ಮಿನಿಂದಷ್ಟೇ ಬೇರ್ಪಡಿಸುವುದು ಅಪಾಯ. ಶಾಲೆಯ ಅಡ್ಮಿನ್ ಕಳಿಸಿದ ಫಾರಂನಲ್ಲಿ `role=super_admin` ಎಂದಿದ್ದು, ಸರ್ವರ್ ಪರೀಕ್ಷಿಸದೆ ಉಳಿಸಿಕೊಂಡರೆ ಎಲ್ಲ ಶಾಲೆಗಳ ಲೆಕ್ಕವೂ ಅವರ ಮುಂದೆ ತೆರೆದುಕೊಳ್ಳುತ್ತದೆ. ಆದ್ದರಿಂದ ಸೂಪರ್ ಅಡ್ಮಿನ್‌ಗೆ ಬೇರೆಯೇ ಕೋಷ್ಟಕ, ಬೇರೆಯೇ ಲಾಗಿನ್ ಇರಬೇಕು. ಹಾಗೆಂದು ಅವರಿಗೂ ಮಕ್ಕಳ ದಾಖಲೆ ಸದಾ ಕಾಣಬಾರದು. ಶಾಲೆ ಒಪ್ಪಿದಾಗ, ಗೊತ್ತುಪಡಿಸಿದ ಅವಧಿಗೆ, ಪ್ರತಿ ನೋಟವೂ ಲಾಗ್‌ನಲ್ಲಿ ದಾಖಲಾಗುವಂತೆ ಮಾತ್ರ ಕಾಣಬೇಕು.