ಚಿನ್ನದ ಸಾಲ: ಮೌಲ್ಯಮಾಪನ ಮತ್ತು ಬೆಲೆ ಕುಸಿತ

ಚಿನ್ನದ ಸಾಲವೆಂದರೆ ಒಡವೆಯನ್ನು ಅಡವಿಟ್ಟು ಪಡೆಯುವ ಸಾಲ. ಅಕ್ಕಸಾಲಿಗ ಒರೆಗಲ್ಲಿನಲ್ಲಿ ಶುದ್ಧತೆ ನೋಡಿ, ಹರಳು, ಅರಗಿನ ತೂಕ ಕಳೆಯುತ್ತಾನೆ. ಕೊಳ್ಳುವಾಗ ತೆತ್ತ ಮಜೂರಿಗೆ ಇಲ್ಲಿ ಬೆಲೆಯೇ ಇಲ್ಲ. ಹಿಂದಿನ ದಿನದ ಮುಕ್ತಾಯ ದರ, 30 ದಿನಗಳ ಸರಾಸರಿ ದರ, ಇವೆರಡರಲ್ಲಿ ಕಡಿಮೆಯದನ್ನೇ ಲೆಕ್ಕಕ್ಕೆ ಹಿಡಿಯಬೇಕೆಂದು ರಿಸರ್ವ್ ಬ್ಯಾಂಕಿನ 2025ರ ನಿಯಮ ಹೇಳುತ್ತದೆ.

ಈ ಮೌಲ್ಯದ ಶೇಕಡಾ ಎಷ್ಟು ಸಾಲವಿದೆ ಎಂಬುದೇ ಸಾಲ–ಮೌಲ್ಯ ಅನುಪಾತ (ಎಲ್‌ಟಿವಿ). ಗೃಹಬಳಕೆಯಂಥ ಸಾಲಗಳಿಗೆ ಗರಿಷ್ಠ ಮಿತಿ 2.5 ಲಕ್ಷದವರೆಗೆ ಶೇ. 85, 5 ಲಕ್ಷದವರೆಗೆ ಶೇ. 80, ಅದಕ್ಕೂ ಮೇಲೆ ಶೇ. 75. ಅಸಲು, ಬಡ್ಡಿಯನ್ನು ಕೊನೆಗೆ ಒಟ್ಟಿಗೆ ಕಟ್ಟುವ ಸಾಲದಲ್ಲಿ ಬಡ್ಡಿಯೂ ಈ ಮಿತಿಯೊಳಗೆ ಬರಬೇಕು. ಆದ್ದರಿಂದ ಕೈಗೆ ಬರುವ ಹಣ ಕಡಿಮೆ.

ಹರಳು ಕಳೆದು 40 ಗ್ರಾಂ ತೂಗುವ ಹಾರಕ್ಕೆ ಗ್ರಾಮಿಗೆ 10,000 ರೂಪಾಯಿಯಂತೆ 4 ಲಕ್ಷ ಮೌಲ್ಯ. ಸಾಲ ಹೆಚ್ಚೆಂದರೆ 3.2 ಲಕ್ಷ. ದರ 8,000ಕ್ಕೆ ಇಳಿದರೆ ಹಾರದ ಮೌಲ್ಯವೂ 3.2 ಲಕ್ಷವೇ, ಅನುಪಾತ ಶೇ. 100. ಬಡ್ಡಿ ಬಾಕಿಯಿದ್ದರೆ ಸಾಲವೇ ಒಡವೆಯನ್ನು ಮೀರುತ್ತದೆ. ಆಗ ಸಾಲದಾತರು ಸ್ವಲ್ಪ ಅಸಲು ಕಟ್ಟಲು ಅಥವಾ ಇನ್ನಷ್ಟು ಚಿನ್ನ ಇಡಲು ಕೇಳಬಹುದು. ಕಟ್ಟದಿದ್ದರೆ ನೋಟಿಸು, ಬಳಿಕ ಹರಾಜು. ಹರಾಜಿನಲ್ಲಿ ಸಾಲಕ್ಕಿಂತ ಹೆಚ್ಚು ಬಂದ ಹಣ ಸಾಲಗಾರನಿಗೇ ಸೇರಬೇಕು.