ಸ್ನಾಯುಗೆಡ್ಡೆ ಎಂದು ಕರೆಸಿಕೊಂಡ ಕಾಯಿಲೆ: ಜಿಸ್ಟ್‌ನ ಮೂಲಕೋಶ ಮತ್ತು ಇಮಾಟಿನಿಬ್

ಜಠರದ ಕ್ಯಾನ್ಸರ್ ಎಂದು ಸಾಮಾನ್ಯವಾಗಿ ಹೇಳುವುದು ಒಳಗೋಡೆಯ ಲೋಳೆಪೊರೆಯಲ್ಲಿ ಹುಟ್ಟುವ ಕಾರ್ಸಿನೋಮಕ್ಕೆ. ಅದೇ ಗೋಡೆಯ ಇನ್ನೂ ಆಳದಲ್ಲಿ, ಆಹಾರವನ್ನು ಮುಂದಕ್ಕೆ ನೂಕುವ ಸ್ನಾಯುಪದರದಲ್ಲಿ, ಬೇರೆ ಜಾತಿಯ ಗೆಡ್ಡೆಯೊಂದು ಬೆಳೆಯುತ್ತದೆ. ಅದರ ಪೂರ್ಣ ಹೆಸರು ಗ್ಯಾಸ್ಟ್ರೋಇಂಟೆಸ್ಟೈನಲ್ ಸ್ಟ್ರೋಮಲ್ ಟ್ಯೂಮರ್. ವೈದ್ಯರ ಬಾಯಲ್ಲಿ ಜಿಸ್ಟ್. ಅರ್ಧಕ್ಕಿಂತ ಹೆಚ್ಚು ಪ್ರಕರಣಗಳು ಜಠರದಲ್ಲಿ ಕಾಣಿಸಿಕೊಳ್ಳುತ್ತವೆ. ಉಳಿದವುಗಳಲ್ಲಿ ಬಹುಪಾಲು ಸಣ್ಣ ಕರುಳಿನವು, ಕೆಲವು ಮಾತ್ರ ಗುದನಾಳ ಅಥವಾ ಅನ್ನನಾಳದವು.

ಈ ಗೆಡ್ಡೆ ವೈದ್ಯರಿಗೆ ಹೊಸದೇನಲ್ಲ. ಹೊಸದು ಅದರ ಗುರುತು. 20ನೇ ಶತಮಾನದ ಬಹುಭಾಗ ಇದನ್ನು ನಯಸ್ನಾಯುವಿನ ಗೆಡ್ಡೆ ಎಂದೇ ಎಣಿಸಿ, ಲಿಯೊಮಯೋಮ ಅಥವಾ ಲಿಯೊಮಯೋಸಾರ್ಕೋಮ ಎಂದು ವರದಿ ಬರೆಯುತ್ತಿದ್ದರು. ಕದಿರಿನಾಕಾರದ ಕೋಶಗಳು ಸ್ನಾಯುಪದರದ ನಡುವೆ ಸಾಲುಗಟ್ಟಿ ನಿಂತಿರುವುದನ್ನು ಕಂಡವರಿಗೆ ಬೇರೆ ಊಹೆ ಹೊಳೆಯುವಂತಿರಲಿಲ್ಲ. 1983ರಲ್ಲಿ ಅಮೆರಿಕದ ಮೈಕೆಲ್ ಮಜೂರ್ ಮತ್ತು ಬ್ರೆಂಟ್ ಕ್ಲಾರ್ಕ್ ಜಠರದ ಇಂಥ ಗೆಡ್ಡೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಹಲವು ಗೆಡ್ಡೆಗಳಲ್ಲಿ ಸ್ನಾಯುಕೋಶದ ಲಕ್ಷಣಗಳೇ ಇರಲಿಲ್ಲ. ಸ್ನಾಯುವಿನದು ಎಂದು ಖಚಿತವಾಗಿ ಹೇಳಲಾಗದ್ದನ್ನು ಅವರು ‘ಸ್ಟ್ರೋಮಲ್’ ಎಂಬ ತಟಸ್ಥ ಹೆಸರಿನಿಂದ ಕರೆದರು. ನನ್ನ ದೃಷ್ಟಿಯಲ್ಲಿ ಈ ಕಥೆಯ ನಿಜವಾದ ಆರಂಭ ಇದೇ. ತಪ್ಪು ಹೆಸರನ್ನು ಕೈಬಿಟ್ಟು, ಸರಿಯಾದದ್ದು ಸಿಗುವವರೆಗೆ ಆ ಜಾಗವನ್ನು ಖಾಲಿ ಉಳಿಸಲು ಅವರು ಒಪ್ಪಿದರು.

ಉತ್ತರ ಬಂದದ್ದು ಜಪಾನಿನ ಒಸಾಕಾದಿಂದ. ಕರುಳಿನ ಸ್ನಾಯುಗಳ ನಡುವೆ ಬಲೆಯಂತೆ ಹರಡಿಕೊಂಡ ಒಂದು ಬಗೆಯ ಕೋಶಗಳನ್ನು ಸ್ಪೇನಿನ ರಮೋನ್ ಇ ಕಹಾಲ್ 19ನೇ ಶತಮಾನದ ಕೊನೆಯಲ್ಲೇ ವರ್ಣಿಸಿದ್ದರು. ಕರುಳಿನ ಚಲನೆಗೆ ಲಯ ಕೊಡುವವು ಈ ಕಹಾಲ್ ಕೋಶಗಳೇ ಎಂಬುದು ಸ್ಪಷ್ಟವಾದದ್ದು 1990ರ ದಶಕದಲ್ಲಿ. ಕಿಟ್ ಎಂಬ ಪ್ರೋಟೀನು ಸರಿಯಿಲ್ಲದ ಇಲಿಗಳಲ್ಲಿ ಈ ಕೋಶಗಳು ಬೆಳೆಯದೆ, ಕರುಳಿನ ಲಯವೂ ಕೆಡುತ್ತಿತ್ತು. ಒಸಾಕಾದ ಯುಕಿಹಿಕೊ ಕಿಟಮುರಾ ಅವರ ತಂಡಕ್ಕೆ ಅಂಥ ಇಲಿಗಳು ಹೊಸವಲ್ಲ. ಬೇರೊಂದು ಕೋಶದ, ಮಾಸ್ಟ್ ಕೋಶದ, ಅಧ್ಯಯನಕ್ಕಾಗಿ ಅವರು ವರ್ಷಗಳಿಂದ ಅವುಗಳ ಮೇಲೆ ಕೆಲಸ ಮಾಡಿದ್ದರು. ಕಿಟ್ ಇಲ್ಲದೆ ಕಹಾಲ್ ಕೋಶ ಹುಟ್ಟದು ಎಂದ ಮೇಲೆ, ಕಿಟ್ ಮಿತಿಮೀರಿದರೆ ಏನಾದೀತು ಎಂಬ ಪ್ರಶ್ನೆ ತಾನಾಗಿ ಎದ್ದಿತು.

1998ರ ಜನವರಿಯಲ್ಲಿ ಸೆಯಿಚಿ ಹಿರೋಟಾ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಪರೀಕ್ಷಿಸಿದ ಜಿಸ್ಟ್‌ಗಳಲ್ಲಿ ಬಹುತೇಕ ಎಲ್ಲವೂ ಕಹಾಲ್ ಕೋಶಗಳಂತೆಯೇ ಕಿಟ್ ಪ್ರೋಟೀನನ್ನು ಹೊತ್ತಿದ್ದವು. ಜೀನಿನ ಅಕ್ಷರಗಳನ್ನು ಓದಿ ನೋಡಿದ 6 ಗೆಡ್ಡೆಗಳ ಪೈಕಿ 5ರಲ್ಲಿ ಮ್ಯುಟೇಷನ್ ಇತ್ತು. ಅದೂ ಬಹುತೇಕ ಒಂದೇ ಜಾಗದಲ್ಲಿ, ಕೋಶದ ಪೊರೆಯ ಒಳಬದಿಗೆ ಅಂಟಿಕೊಂಡ ಭಾಗದಲ್ಲಿ. ಇಂದು ಅದನ್ನು ಎಕ್ಸಾನ್ 11 ಎಂದು ಗುರುತಿಸುತ್ತೇವೆ. ಕಿಟ್ ಕೋಶದ ಬಾಗಿಲಲ್ಲಿರುವ ಕರೆಗಂಟೆ ಇದ್ದಂತೆ. ಹೊರಗಿನಿಂದ ಸಂದೇಶದ ಅಣು ಬಂದು ಒತ್ತಿದಾಗ ಮಾತ್ರ ಒಳಗೆ ‘ಬೆಳೆ’ ಎಂಬ ಸದ್ದಾಗಬೇಕು. ಮ್ಯುಟೇಷನ್ ಆದ ಕಿಟ್‌ನಲ್ಲಿ ಗುಂಡಿ ಒಳಕ್ಕೆ ಸಿಕ್ಕಿಕೊಂಡಿತ್ತು, ಯಾರೂ ಒತ್ತದೆಯೇ ಅದು ಬಾರಿಸುತ್ತಲೇ ಇತ್ತು. ಈ ಮ್ಯುಟೇಷನ್ ಇರುವ ಜೀನನ್ನು ಇಲಿಯ ಕೋಶಗಳಿಗೆ ಸೇರಿಸಿದಾಗ ಅವೂ ಗೆಡ್ಡೆಯ ಕೋಶಗಳಂತೆ ಬೆಳೆದವು. ಹೀಗೆ ಕಾರಣವೂ ದೃಢವಾಯಿತು.

ಹುಟ್ಟಿದ ಪದರ ಮತ್ತು ಕೋಶ ಬೇರೆಯಾದ್ದರಿಂದ ಜಿಸ್ಟ್‌ನ ನಡತೆಯೂ ಬೇರೆ. ಎಂಡೋಸ್ಕೋಪಿಯಲ್ಲಿ ಕಾಣುವುದು ಸಾಮಾನ್ಯವಾಗಿ ಮೇಲೆ ನಯವಾದ ಲೋಳೆಪೊರೆ ಹೊದ್ದ ಉಬ್ಬು. ಆ ಪೊರೆಯಿಂದ ಕಿತ್ತ ತುಣುಕಿನಲ್ಲಿ ಕಾಯಿಲೆಯೇ ಸಿಗದೆ ವರದಿ ‘ಸಹಜ’ ಎಂದು ಬರಬಹುದು. ಹಾಗಾಗಿ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ನೆರವಿನಿಂದ ಸೂಜಿಯನ್ನು ಆಳಕ್ಕೆ ಇಳಿಸಬೇಕಾಗುತ್ತದೆ. ಗೆಡ್ಡೆ ದೊಡ್ಡದಾಗಿ ಮೇಲಿನ ಪೊರೆ ಹುಣ್ಣಾದಾಗ ರಕ್ತ ಒಸರುತ್ತದೆ. ಕಪ್ಪು ಮಲ, ಕಾರಣ ತಿಳಿಯದ ರಕ್ತಹೀನತೆ ಎಷ್ಟೋ ಜನರಲ್ಲಿ ಮೊದಲ ಸುಳಿವು. ಕಾರ್ಸಿನೋಮ ದುಗ್ಧಗ್ರಂಥಿಗಳಿಗೆ ಹರಡುವ ಕಾಯಿಲೆ. ಜಿಸ್ಟ್ ಸಾಮಾನ್ಯವಾಗಿ ಆ ದಾರಿ ಹಿಡಿಯದೆ ಯಕೃತ್ತಿಗೆ ಮತ್ತು ಹೊಟ್ಟೆಯ ಒಳಪೊರೆಗೆ ಹೋಗುತ್ತದೆ. ಆದ್ದರಿಂದ ಶಸ್ತ್ರಚಿಕಿತ್ಸೆಯಲ್ಲಿ ಸುತ್ತಲಿನ ಗ್ರಂಥಿಗಳನ್ನೆಲ್ಲ ಬಗೆದು ತೆಗೆಯುವುದಕ್ಕಿಂತ, ಗೆಡ್ಡೆ ಒಡೆಯದಂತೆ ಇಡಿಯಾಗಿ ಹೊರತೆಗೆಯುವುದು ಮುಖ್ಯ. ಒಡೆದರೆ ಅದರ ಕೋಶಗಳು ಹೊಟ್ಟೆಯ ತುಂಬ ಚೆಲ್ಲುತ್ತವೆ.

ಹಳೆಯ ಕಿಮೋಥೆರಪಿಗೆ ಜಿಸ್ಟ್ ಜಗ್ಗುತ್ತಿರಲಿಲ್ಲ. ಫಿನ್ಲೆಂಡಿನ ಒಬ್ಬ ಮಹಿಳೆಯ ವೃತ್ತಾಂತ ಇದನ್ನು ಚೆನ್ನಾಗಿ ತೋರಿಸುತ್ತದೆ. ಸುಮಾರು 50ರ ವಯಸ್ಸಿನ ಅವರಿಗೆ 1996ರಲ್ಲಿ ಜಠರದ ಗೆಡ್ಡೆಗಳನ್ನು ತೆಗೆದಿದ್ದರು. ಕಾಯಿಲೆ ಮರಳಿತು, ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ನಡೆಯಿತು, ಯಕೃತ್ತಿಗೂ ಹರಡಿತು. ಹಲವು ಔಷಧಗಳನ್ನು ಕೂಡಿಸಿ ಕೊಟ್ಟ ಕಿಮೋಥೆರಪಿ ಕೆಲಸ ಮಾಡಲಿಲ್ಲ. ಅದೇ ಹೊತ್ತಿಗೆ ಎಸ್‌ಟಿಐ 571 ಎಂಬ ಗುಳಿಗೆಯನ್ನು ಒಂದು ಬಗೆಯ ರಕ್ತ ಕ್ಯಾನ್ಸರಿನಲ್ಲಿ ಪ್ರಯೋಗಿಸಿ ನೋಡುತ್ತಿದ್ದರು. ಇದೇ ಮುಂದೆ ಇಮಾಟಿನಿಬ್ ಆಯಿತು. ಆ ರಕ್ತ ಕ್ಯಾನ್ಸರಿನ ಪ್ರೋಟೀನನ್ನು ತಡೆಯಲೆಂದು ತಯಾರಾದ ಅಣು ಕಿಟ್ ಪ್ರೋಟೀನನ್ನೂ ತಡೆಯುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಗೊತ್ತಾಗಿತ್ತು. ಹೆಲ್ಸಿಂಕಿಯ ಹೈಕಿ ಯೋಯೆನ್ಸು ಅವರ ತಂಡ 2000ದ ಮಾರ್ಚ್‌ನಲ್ಲಿ ಈ ರೋಗಿಗೆ ದಿನಕ್ಕೆ 400 ಮಿಲಿಗ್ರಾಂ ಕೊಡಲು ಶುರುಮಾಡಿತು. ಸಕ್ಕರೆಯನ್ನು ಹೀರಿಕೊಳ್ಳುವ ಗೆಡ್ಡೆಗಳು ಪೆಟ್ ಸ್ಕ್ಯಾನಿನಲ್ಲಿ ಹೊಳೆದು ಕಾಣುತ್ತವೆ. ಇವರಲ್ಲಿ ತಿಂಗಳೊಳಗೆ ಆ ಹೊಳಪು ಮಾಯವಾಯಿತು. ಎಂಟು ತಿಂಗಳಲ್ಲಿ ಯಕೃತ್ತಿನ ದೊಡ್ಡ ಗೆಡ್ಡೆಗಳ ಅಳತೆ ಸುಮಾರು 75% ಇಳಿದಿತ್ತು.

ಒಬ್ಬರ ಅನುಭವ ಸಿದ್ಧಾಂತವಾಗದು. ಜಾರ್ಜ್ ಡೆಮೆಟ್ರಿ ಮತ್ತಿತರರು 147 ರೋಗಿಗಳ ಅಧ್ಯಯನವನ್ನು 2002ರಲ್ಲಿ ಪ್ರಕಟಿಸಿದರು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಗೆಡ್ಡೆ ಗಣನೀಯವಾಗಿ ಕುಗ್ಗಿತ್ತು, ಇನ್ನೂ ಕಾಲುಭಾಗಕ್ಕೂ ಮಿಕ್ಕಿದವರಲ್ಲಿ ಬೆಳವಣಿಗೆ ನಿಂತಿತ್ತು. ಅದೇ ವರ್ಷದ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಜಿಸ್ಟ್‌ಗೆ ಈ ಔಷಧದ ಬಳಕೆಗೆ ಒಪ್ಪಿಗೆ ಸಿಕ್ಕಿತು. ಮ್ಯುಟೇಷನ್ ಪತ್ತೆಯಾಗಿ ಆಗಿನ್ನೂ ನಾಲ್ಕು ವರ್ಷ.

ಆದರೆ ಈ ಚಿಕಿತ್ಸೆಯನ್ನು ಓದಲು ಬೇರೆ ಕಣ್ಣು ಬೇಕು. ಔಷಧ ಫಲಿಸುತ್ತಿರುವಾಗಲೂ ಗೆಡ್ಡೆ ತಕ್ಷಣ ಚಿಕ್ಕದಾಗದೆ ಇರಬಹುದು. ಒಳಗೆ ಕೋಶಗಳು ಸತ್ತು, ನೀರು ತುಂಬಿ, ಕೆಲವೊಮ್ಮೆ ಅದು ದೊಡ್ಡದಾಗಿಯೇ ಕಾಣುತ್ತದೆ. ಅಳತೆಪಟ್ಟಿಯನ್ನಷ್ಟೇ ನಂಬಿದರೆ ಒಳ್ಳೆಯ ಔಷಧವನ್ನು ಸೋತಿತೆಂದು ನಿಲ್ಲಿಸಿಬಿಡುವ ಅಪಾಯವಿದೆ. ಆದ್ದರಿಂದ ಚೋಯ್ ಮಾನದಂಡವು ಸಿಟಿ ಸ್ಕ್ಯಾನಿನಲ್ಲಿ ಗೆಡ್ಡೆಯ ಸಾಂದ್ರತೆಯನ್ನೂ ಅಳೆಯಲು ಹೇಳುತ್ತದೆ: ಸಾಂದ್ರತೆ 15% ಇಳಿದರೆ, ಅಥವಾ ಗಾತ್ರ 10% ಇಳಿದರೆ, ಅದು ಸ್ಪಂದನೆ.

ಇನ್ನೊಂದು ಮಿತಿ ಇದಕ್ಕಿಂತ ಕಠಿಣ. ಹರಡಿದ ಜಿಸ್ಟ್‌ನಲ್ಲಿ ಇಮಾಟಿನಿಬ್ ಗೆಡ್ಡೆಯನ್ನು ಹಿಡಿದಿಡುತ್ತದೆ, ಸಾಮಾನ್ಯವಾಗಿ ಬೇರುಸಹಿತ ಕೀಳುವುದಿಲ್ಲ. ಚೆನ್ನಾಗಿದ್ದೇವೆಂದು ಗುಳಿಗೆ ನಿಲ್ಲಿಸಿದವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಮತ್ತೆ ಬೆಳೆದದ್ದನ್ನು ಫ್ರಾನ್ಸಿನ ಅಧ್ಯಯನ ತೋರಿಸಿದೆ. ಬಿಡದೆ ತೆಗೆದುಕೊಂಡವರಲ್ಲೂ ಅನೇಕರಿಗೆ ಎರಡು ವರ್ಷಗಳ ಆಸುಪಾಸಿನಲ್ಲಿ ಅದೇ ಕಿಟ್ ಜೀನಿನಲ್ಲಿ ಎರಡನೇ ಮ್ಯುಟೇಷನ್ ಮೂಡಿ ಔಷಧ ಕೂರುವ ಜಾಗ ಬದಲಾಗುತ್ತದೆ. ಆಗ ಸುನಿಟಿನಿಬ್, ರೆಗೊರಾಫೆನಿಬ್, ರಿಪ್ರೆಟಿನಿಬ್ ಎಂಬ ಮುಂದಿನ ಮೆಟ್ಟಿಲುಗಳು.

ಕೆಲವರಿಗೆ ಮೊದಲ ದಿನದಿಂದಲೇ ಇಮಾಟಿನಿಬ್ ನಾಟುವುದಿಲ್ಲ. 2003ರಲ್ಲಿ ಕಿಟ್ ಮ್ಯುಟೇಷನ್ ಇಲ್ಲದ ಒಂದಷ್ಟು ಜಿಸ್ಟ್‌ಗಳಲ್ಲಿ ಅದರ ಸೋದರ ಜೀನಾದ ಪಿಡಿಜಿಎಫ್‌ಆರ್‌ಎ ಕೆಟ್ಟಿರುವುದು ಗೊತ್ತಾಯಿತು. ಅದರಲ್ಲಿ ಡಿ842ವಿ ಎಂಬ ಬದಲಾವಣೆ ಪ್ರೋಟೀನನ್ನು ಸದಾ ಚಾಲೂ ಆಕಾರದಲ್ಲೇ ಬಿಗಿದಿಡುತ್ತದೆ. ಇಮಾಟಿನಿಬ್ ಕೂರುವುದು ವಿಶ್ರಾಂತ ಆಕಾರದಲ್ಲಿ ಮಾತ್ರ. ಈ ಗುಂಪಿಗಾಗಿ ತಯಾರಾದ ಅವಾಪ್ರಿಟಿನಿಬ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ. ಕಿಟ್‌ನ ಎಕ್ಸಾನ್ 9ರಲ್ಲಿ ಮ್ಯುಟೇಷನ್ ಇರುವವರಿಗೆ 400ರ ಬದಲು 800 ಮಿಲಿಗ್ರಾಂ ಬೇಕಾಗಬಹುದು. ಹೀಗಾಗಿ ಔಷಧದ ಚೀಟಿ ಬರೆಯುವ ಮುನ್ನ ಜೀನ್ ಪರೀಕ್ಷೆಯ ವರದಿ ಕೈಯಲ್ಲಿರಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ವರ್ಷಗಟ್ಟಲೆ ನುಂಗಬೇಕಾದ ಗುಳಿಗೆಗೆ ಬೆಲೆಯೂ ಚಿಕಿತ್ಸೆಯ ಭಾಗವೇ. 2013ರ ಏಪ್ರಿಲ್ 1ರಂದು ಭಾರತದ ಸುಪ್ರೀಂ ಕೋರ್ಟ್ ಇಮಾಟಿನಿಬ್ ಮೆಸಿಲೇಟ್‌ನ ಬೀಟಾ ಹರಳು ರೂಪಕ್ಕೆ ಪೇಟೆಂಟ್ ಕೋರಿದ್ದ ನೊವಾರ್ಟಿಸ್ ಅರ್ಜಿಯನ್ನು, ಪೇಟೆಂಟ್ ಕಾಯ್ದೆಯ 3(ಡಿ) ಕಲಮನ್ನು ಎತ್ತಿಹಿಡಿದು, ತಳ್ಳಿಹಾಕಿತು. ಕಂಪನಿಯ ಬ್ರ್ಯಾಂಡಿಗೆ ತಿಂಗಳಿಗೆ ಲಕ್ಷ ರೂಪಾಯಿ ಮೀರುತ್ತಿದ್ದ ಕಾಲದಲ್ಲಿ ಭಾರತೀಯ ಜೆನೆರಿಕ್ ಅದರ ಹತ್ತರಲ್ಲೊಂದು ಪಾಲಿನ ಆಸುಪಾಸಿಗೆ ಸಿಗುತ್ತಿತ್ತು. ತೀರ್ಪಿನಿಂದಾಗಿ ಆ ಜೆನೆರಿಕ್ ಮಾರುಕಟ್ಟೆಯಲ್ಲಿ ಉಳಿಯಿತು.